ಟೀ ಒಳಗಿನ ಹೋಳಿಗೆ

ಡಯಟ್ ಶುರು ಮಾಡಿದೋರು ಮೊದಲು ಬಿಡೋದು ಹೋಳಿಗೆನ, ಕೊನೆಗೆ ಬಿಡೋದು ಟೀನ. ನನ್ನ ಪ್ರಕಾರ ಇದು ತಲೆಕೆಳಗು. ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರ್ಲಿ.

ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆ ಸರಾಸರಿ (ಎಚ್‌ಬಿಎ1ಸಿ) 6.1 ಬಂತು. 5.7ರಿಂದ 6.4ರವರೆಗೆ ಇದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮ ಅಪ್ಪ ಆ ಹೊಸ್ತಿಲು ದಾಟಿ ಇಪ್ಪತ್ತು ವರ್ಷ ಇನ್ಸುಲಿನ್ ಚುಚ್ಚಿಕೊಂಡವರು, ಹಾಗಾಗಿ ನನಗೆ ಹೆಚ್ಚು ಹೇಳಿಸಿಕೊಳ್ಳೋದು ಬೇಕಾಗಿರಲಿಲ್ಲ. ಡಯಟಿಷಿಯನ್ ದಿನಕ್ಕೆ 1500 ಕ್ಯಾಲೊರಿ ಅಂತ ಬರೆದುಕೊಟ್ರು. ದಾವಣಗೆರೆಯಲ್ಲಿ ಕೂತು 1500! ಇಲ್ಲಿ ಬೆಣ್ಣೆದೋಸೆ ವಾಸನೆಗೇ ಮುನ್ನೂರು ಆಗುತ್ತೇನೋ ಅನ್ಸುತ್ತೆ :-)

ಮನೇಲಿ ಅಡುಗೆ ತೂಗೋ ಸಣ್ಣ ತಕ್ಕಡಿ ಇತ್ತು. ನಮ್ಮ ಸ್ಟೀಲ್ ಚಮಚದಲ್ಲಿ, ನಾವು ದಿನಾ ಹಾಕೋ ಹಾಗೇ ಗೋಪುರ ಕಟ್ಟಿ, ಹತ್ತು ಚಮಚ ಸಕ್ಕರೆ ತೂಗಿದೆ. 70 ಗ್ರಾಂ. ಪುಸ್ತಕದಲ್ಲಿ ಚಮಚಕ್ಕೆ 4 ಗ್ರಾಂ ಅಂತ ಇರೋದು ತಲೆ ಸವರಿದ ಚಮಚಕ್ಕೆ, ನಮ್ಮದು ಏಳು! ಒಂದು ಲೋಟಕ್ಕೆ ಒಂದೂವರೆ ಚಮಚ, ದಿನಕ್ಕೆ ಐದು ಲೋಟ. ಅಂದ್ರೆ ಸುಮಾರು 50 ಗ್ರಾಂ, 200 ಕ್ಯಾಲೊರಿ. ಲೋಟಕ್ಕೆ 75 ಎಂಎಲ್‌ನಂತೆ ನೀಲಿ ಪ್ಯಾಕೆಟ್ ಹಾಲು ಬೇರೆ, ಅದು ಇನ್ನೊಂದು 220. ಒಟ್ಟು 420. ನನ್ನ 1500ರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ, ಹೊಟ್ಟೆಗೆ ಗೊತ್ತೇ ಆಗದ ಹಾಗೆ ಹೋಗ್ತಿತ್ತು.

ಈಗ ಹೋಳಿಗೆ ಲೆಕ್ಕ. ನಮ್ಮವಳು ಮಾಡೋ ಅಳತೆ: ಕಡಲೆಬೇಳೆ, ಬೆಲ್ಲ, ಮೈದಾ ಮೂರೂ ಕಾಲು ಕಾಲು ಕೆಜಿ, ಎಣ್ಣೆ 100 ಗ್ರಾಂ. ಬೇಳೆಗೆ ಸುಮಾರು 875, ಬೆಲ್ಲಕ್ಕೆ 950, ಮೈದಾಕ್ಕೆ 875, ಎಣ್ಣೆಗೆ 900. ಕೂಡಿದ್ರೆ 3600. ಅಷ್ಟರಲ್ಲಿ ಇಪ್ಪತ್ತು ಹೋಳಿಗೆ ಆಗುತ್ತೆ, ಒಂದಕ್ಕೆ 180. ಮನೆಯಲ್ಲಿ ಮಾಡೋ ಯಾವ ಸಿಹಿಗೂ ಹೀಗೇ ಲೆಕ್ಕ ಹಾಕಬಹುದು, ಹಾಕಿದ ಸಾಮಾನೆಲ್ಲ ತೂಗಿ ಕೂಡಿಸಿ ಎಷ್ಟು ತುಂಡಾಯ್ತೋ ಅಷ್ಟರಿಂದ ಭಾಗಿಸೋದು.

ನೋಡಿದ್ರಾ? ಬರೀ ಟೀ ಸಕ್ಕರೆಯಲ್ಲೇ ನಾನು ದಿನಾ ಒಂದು ಹೋಳಿಗೆ ಕುಡೀತಿದ್ದೆ. ಕುಡಿದ ಖುಷಿನೂ ಇಲ್ಲ, ತಿಂದ ನೆನಪೂ ಇಲ್ಲ.

ಹಂಗಂತ ಒಂದೇ ದಿನ ಸಕ್ಕರೆ ಬಿಡೋದಲ್ಲ. ನಮ್ಮ ಭಾವ ಹಾಗೆ ಬಿಟ್ಟು, ನಾಲ್ಕನೇ ದಿನದಿಂದ ಟೀ ಜೊತೆ ಬಿಸ್ಕತ್ತು ಮೂರರಿಂದ ಎಂಟಕ್ಕೆ ಏರಿಸಿದ್ರು. "ಸಕ್ಕರೆ ಬಿಟ್ಟಿದೀನಪ್ಪಾ" ಅಂತ ಊರೆಲ್ಲಾ ಹೇಳ್ಕೊಂಡು ಬಂದ್ರು ಬೇರೆ. ಟೀ ಸಪ್ಪೆಯಾದ ವಾರ ಬಿಸ್ಕತ್ತಿನ ಡಬ್ಬಿ ಬೇಗ ಖಾಲಿ ಆದ್ರೆ, ಇಳಿಸಿದ್ದು ಜಾಸ್ತಿ ಆಯ್ತು ಅಂತಲೇ ಅರ್ಥ.

ನಾನು ಮಾಡಿದ್ದು ಇಷ್ಟು. ಮೊದಲನೇ ವಾರ ಬರೀ ಚಮಚದ ತಲೆ ಸವರಿದೆ, ಒಂದೂವರೆ ಒಂದೂವರೆಯಾಗೇ ಇತ್ತು. ಅಷ್ಟಕ್ಕೇ ಲೋಟಕ್ಕೆ ಹತ್ತು ಗ್ರಾಂ ಇದ್ದದ್ದು ಆರಕ್ಕೆ ಬಂತು! ಇದು ದೊಡ್ಡ ಇಳಿತ, ಹಾಗಾಗಿ ಎರಡು ವಾರ ಅಲ್ಲೇ ನಿಂತೆ. ಆಮೇಲೆ ವಾರಕ್ಕೆ ಕಾಲು ಚಮಚದಂತೆ ಇಳಿದು ಮುಕ್ಕಾಲು ಚಮಚಕ್ಕೆ, ಅಂದ್ರೆ ಮೂರು ಗ್ರಾಂಗೆ ನಿಂತಿದೀನಿ. ಸೊನ್ನೆಗೆ ಹೋಗಬೇಕು ಅಂತ ಹಟ ಇಲ್ಲ. ನಾಲಿಗೆ ಸಣ್ಣ ಮೆಟ್ಟಿಲಿಗೆ ಹೊಂದಿಕೊಳ್ಳುತ್ತೆ. ಎರಡು ತಿಂಗಳಾದ ಮೇಲೆ ನೆಂಟರ ಮನೆಯಲ್ಲಿ ಹಳೇ ಅಳತೆಯ ಟೀ ಕುಡಿದಾಗ ಪಾಯಸ ಕುಡಿದ ಹಾಗಾಯ್ತು.

ಇನ್ನೊಂದು ವಿಷಯ ಕಡಿಮೆ ಜನ ಗಮನಿಸ್ತಾರೆ. ಟೀ ಸೊಪ್ಪು ಜಾಸ್ತಿ ಹೊತ್ತು ಕುದಿಸಿದಷ್ಟೂ ಒಗರು ಬಿಡುತ್ತೆ, ಆ ಒಗರನ್ನ ಮುಚ್ಚೋಕೆ ಸಕ್ಕರೆ ಬೇಕಾಗುತ್ತೆ. ನಮ್ಮನೇಲಿ ಎಂಟು ಹತ್ತು ನಿಮಿಷ ಕುದಿಯೋದು. ಈಗ ಶುಂಠಿ, ಏಲಕ್ಕಿ ಮೊದಲು ನೀರಲ್ಲಿ ಕುದಿಸಿ, ಸೊಪ್ಪು ಹಾಕಿದ ಮೇಲೆ ಮೂರೇ ನಿಮಿಷ. ಏಲಕ್ಕಿ ವಾಸನೆಗೆ ಇಲ್ಲದ ಸಿಹಿಯೂ ಇದ್ದ ಹಾಗೆ ಅನ್ಸುತ್ತೆ.

ಅವ್ವ ಮಾತ್ರ "ಬೆಲ್ಲ ಹಾಕ್ಕಳಪ್ಪ, ಬೆಲ್ಲ ಒಳ್ಳೇದು" ಅಂತ ಶುರು ಮಾಡಿದ್ಲು. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲವ್ವಾ ಅಂದ್ರೆ ಕೇಳ್ಬೇಕಲ್ಲ. ರುಚಿಗೆ ಬೇಕಾದ್ರೆ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಹಾಕಿ, ಇಲ್ಲಾಂದ್ರೆ ಹಾಲು ಒಡೆಯುತ್ತೆ. ಆದ್ರೆ ಲೆಕ್ಕದಲ್ಲಿ ಸಕ್ಕರೆ ಅಂತಲೇ ಬರ್ಕೊಳ್ಳಿ. ಸಿಹಿ ಮಾತ್ರೆಗಳ ಬಗ್ಗೆಯೂ ಕೇಳ್ತಾರೆ. ತೂಕ ಇಳಿಸೋಕೆ ಅಂತ ಅವನ್ನ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಆಗಲೇ ಸಕ್ಕರೆ ಕಾಯಿಲೆ ಇರೋರಿಗೆ ಆ ಸಲಹೆ ಅಲ್ಲ. ಅಂಥೋರು, ಅದರಲ್ಲೂ ಇನ್ಸುಲಿನ್ ತಗೊಳ್ಳೋರು, ಡಾಕ್ಟರನ್ನ ಕೇಳದೆ ಊಟ ತಿಂಡಿ ಇಳಿಸಬಾರದು, ಸಕ್ಕರೆ ದಿಢೀರ್ ಕೆಳಗೆ ಬೀಳಬಹುದು.

ಸಕ್ಕರೆ ಇಳಿಸೋ ವಾರಗಳಲ್ಲಿ ಲೋಟದ ಸಂಖ್ಯೆ ಮುಟ್ಟಲಿಲ್ಲ. ಎರಡೂ ಒಟ್ಟಿಗೆ ಮಾಡಿದ್ರೆ ತಲೆನೋವು ಬರುತ್ತೆ, ಜನ ಅದನ್ನ ಸಕ್ಕರೆ ಬಿಟ್ಟಿದ್ದಕ್ಕೆ ಅಂದ್ಕೊಂಡು ಮತ್ತೆ ಸಕ್ಕರೆ ಹಾಕ್ಕೊಳ್ತಾರೆ. ಸಾಮಾನ್ಯವಾಗಿ ಅದು ಕೆಫೀನಿನ ಕಾಟ, ಒಂದೆರಡು ದಿನ ಜೋರಾಗಿದ್ದು ಇಳಿಯುತ್ತೆ. ನಾನು ಆಮೇಲೆ ಒಂದೊಂದೇ ಲೋಟ ಬಿಟ್ಟೆ. ಈಗ ಮನೆಯಲ್ಲಿ ಮೂರು. ಅಂಗಡಿ ಟೀಯಲ್ಲಿ ಸಕ್ಕರೆ ಪಾತ್ರೆಯಲ್ಲೇ ಕುದ್ದಿರುತ್ತೆ, 'ಸಕ್ಕರೆ ಕಮ್ಮಿ' ಅಂತ ಹೇಳಿ ಏನೂ ಪ್ರಯೋಜನ ಇಲ್ಲ. ಗೆಳೆಯರು ಎಳ್ಕೊಂಡು ಹೋದ ದಿನ ಮನೆಯ ಒಂದು ಬಿಟ್ಟು ಅಲ್ಲಿ ಬೈ-ಟೂ. ಅದಕ್ಕಿಂತ ಒಳ್ಳೆ ಡಯಟ್ ಪ್ಲಾನ್ ಯಾವನೂ ಕಂಡುಹಿಡಿದಿಲ್ಲ.

ಮೂರು ಲೋಟಕ್ಕೆ ಸಕ್ಕರೆ 36, ಹಾಲು 130, ಹೆಚ್ಚು ಕಡಿಮೆ 170 ಕ್ಯಾಲೊರಿ. ಹಳೇ 420ರಲ್ಲಿ 250 ಉಳೀತು. ಈ 250ನ್ನ ನಾನು ಬಾಯಿಗೇ ವಾಪಸ್ ಕೊಡ್ತೀನಿ, ಒಟ್ಟು 1500 ಮೀರಲ್ಲ ಅಷ್ಟೆ.

ಸಂಜೆ ಮಂಡಕ್ಕಿ. ಒಂದು ದೊಡ್ಡ ತಟ್ಟೆ ತುಂಬೋಕೆ 30 ಗ್ರಾಂ ಸಾಕು, 100 ಕ್ಯಾಲೊರಿ. ಒಗ್ಗರಣೆಗೆ ಒಂದು ಚಮಚ ಎಣ್ಣೆ 45, ಒಂದು ಹಿಡಿ ಹುರಿಗಡಲೆ 40, ಈರುಳ್ಳಿ ಟೊಮೆಟೊ ಬೇಕಾದಷ್ಟು. ಇನ್ನೂರರ ಒಳಗೆ ಅರ್ಧ ಗಂಟೆ ಮೆಲ್ಲೋ ಕೆಲಸ. ಅದೇ ಖಾರಾ ಮಿಕ್ಸ್ಚರ್ 50 ಗ್ರಾಂ ಅಂದ್ರೆ 270ರ ಹತ್ತಿರ, ಎರಡು ಹಿಡಿಗೆ ಮುಗಿದುಹೋಗುತ್ತೆ. ಮಂಡಕ್ಕಿ ಜೊತೆ ಮೆಣಸಿನಕಾಯಿ ಇಲ್ಲದೆ ಹೇಗ್ರೀ ಅಂತ ಊರಿನವರು ಕೇಳ್ತೀರಿ. ಶನಿವಾರ ಇದೆ, ಒಂದು.

ಭಾನುವಾರ ಮಂಡಕ್ಕಿ ರಜ, ಹೋಳಿಗೆ. ಒಂದೇ, ಊಟದ ಕೊನೆಗೆ, ತಟ್ಟೆಗೆ ಹಾಕಿಸಿಕೊಂಡು, ಮೇಲೆ ಒಂದು ಚಮಚ ತುಪ್ಪ. 180ಕ್ಕೆ 45 ಸೇರಿ 225. ತುಪ್ಪ ಬಿಡಿ ಅಂತ ನಮ್ಮವಳು ಒಮ್ಮೆ ಹೇಳಿದ್ಲು. ಲೆಕ್ಕದ ಚೀಟಿ ತೋರಿಸಿದೆ. "ಇನ್ನೂ 25 ಉಳೀತಲ್ರೀ, ಅದಕ್ಕೇನ್ ಮಾಡ್ತೀರಿ?" ಅಂದ್ಲು.