40 ನಿಮಿಷದ ಟೆಸ್ಟಿಗೆ 13 ನಿಮಿಷ

ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಅರ್ಥ ಕೊಡುವ ಪದಗಳು ಎಷ್ಟೋ ಇವೆ. 'ಮೊದ್ದು' ಅವುಗಳಲ್ಲೊಂದು. ಬಾಲಾನಗರಕ್ಕೆ ಬಂದ ಮೊದಲ ವರ್ಷ ನನ್ನ ಮಗ ಶಾಲೆಯಿಂದ ಕಲಿತು ಬಂದ ತೆಲುಗು ಪದಗಳಲ್ಲಿ ಅದೂ ಇತ್ತು. ಯಾರೂ ಅವನಿಗೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮನೆಯವರಿಗೆ ಬೆಂಗಳೂರಿನಿಂದ ಇಲ್ಲಿಗೆ ವರ್ಗವಾದಾಗ ಅವನು ಐದನೇ ತರಗತಿ. ಸೇರಿದ್ದು ಸಿಬಿಎಸ್‌ಇ ಶಾಲೆ. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದಾಗಿ ಯಾವ ಬೋರ್ಡಿನ ಶಾಲೆಯಾದರೂ ತೆಲುಗು ಕಡ್ಡಾಯ. ಹಾಗಾಗಿ ಇಂಗ್ಲಿಷ್, ಹಿಂದಿ, ತೆಲುಗು, ಮನೆಯಲ್ಲಿ ಕಲಿತ ಕನ್ನಡ ಸೇರಿ ನಾಲ್ಕು ಲಿಪಿ. ಇದರಲ್ಲಿ ಕನ್ನಡ ತೆಲುಗು ಲಿಪಿಗಳು ಅಕ್ಕತಂಗಿಯರಂತಿರುವುದೇ ಮಕ್ಕಳಿಗೆ ಕಷ್ಟ. ನಮ್ಮ ತಲೆಕಟ್ಟು ಅಡ್ಡಗೆರೆಯಂತೆ ಹೋಗಿ ತುದಿಯಲ್ಲಿ ಬಾಗುತ್ತದೆ. ತೆಲುಗಿನದು ಮೇಷ್ಟ್ರು ಹಾಕುವ ರೈಟ್ ಮಾರ್ಕಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕನ್ನಡ ಗೊತ್ತಿರುವ ಯಾವ ಮಗುವಾದರೂ ಮೊದಮೊದಲು ಎರಡನ್ನೂ ಬೆರೆಸಿಯೇ ಬರೆಯುತ್ತದೆ.

ಹಾಗಾಗಿ ನಮ್ಮಂಥ ಮನೆಗಳಲ್ಲಿ ಡಿಸ್ಲೆಕ್ಸಿಯಾ ಬಹಳ ದಿನ ಮರೆಯಾಗಿಯೇ ಇರುತ್ತದೆ. "ಹೊಸ ಭಾಷೆ ಅಲ್ವಾ, ಬರುತ್ತೆ ಬಿಡಿ" ಅನ್ನುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಹೀಗೆ: ಬರೀ ಲಿಪಿಯ ಗೊಂದಲವಾದರೆ ತಪ್ಪುಗಳು ತೆಲುಗಿನಲ್ಲಿ ಮಾತ್ರ ಇರುತ್ತವೆ, ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತವೆ. ನನ್ನ ಮಗನಿಗೆ ಇಂಗ್ಲಿಷೂ ತಡವರಿಸುತ್ತಿತ್ತು, ಮನೆಯ ಕನ್ನಡದಲ್ಲೂ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದ. ಪಾಠವನ್ನು ನಾವು ಓದಿ ಹೇಳಿದರೆ ಮಾತ್ರ ಒಂದು ಸಲಕ್ಕೇ ಅರ್ಥ. ಬೆಂಗಳೂರಿನಲ್ಲೇ ಅವನಿಗೆ ಎಂಟೂವರೆ ವರ್ಷವಾಗಿದ್ದಾಗ ಪರೀಕ್ಷೆ ಮಾಡಿಸಿದ್ದೆವು. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ ಅದು. ಓದು, ಕಾಗುಣಿತ, ಲೆಕ್ಕ, ಗಮನ, ನೆನಪು ಎಲ್ಲವನ್ನೂ ಬೇರೆಬೇರೆಯಾಗಿ ನೋಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಇಡೀ ದೇಶಕ್ಕೆ ಇದನ್ನೇ ಗೊತ್ತುಮಾಡಿತು. ನಮ್ಮೂರಿನ ಸರಕು ಅನ್ನುವ ಸಣ್ಣ ಹೆಮ್ಮೆ ನನಗಿದೆ.

ಆ ವರದಿಯನ್ನು ಜೂನ್‌ನಲ್ಲೇ ಇಲ್ಲಿನ ಶಾಲೆಗೆ ಕೊಟ್ಟೆವು. ಶಾಲೆಯವರು ತಕರಾರಿಲ್ಲದೆ ಟೆಸ್ಟ್‌ಗಳಲ್ಲಿ ಹೆಚ್ಚುವರಿ ಸಮಯ ಕೊಟ್ಟರು. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯ ಲೆಕ್ಕ ಗಂಟೆಗೆ 20 ನಿಮಿಷ. ಹಾಗೆ ಹಿಡಿದರೆ 40 ನಿಮಿಷದ ಯೂನಿಟ್ ಟೆಸ್ಟಿಗೆ 13 ನಿಮಿಷ. ಎಲ್ಲ ಸುಸೂತ್ರ ಅಂದುಕೊಂಡೆವು.

ಆಗಸ್ಟ್‌ನಲ್ಲಿ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಏನೂ ಇಲ್ಲ ಎಂದರು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದೆ. ಮೂರು ವಾರದಲ್ಲಿ ಏಳು ಹೊಟ್ಟೆನೋವು: ನಾಲ್ಕು ಮಂಗಳವಾರ ಅಥವಾ ಶುಕ್ರವಾರ, ಮೂರು ಟೆಸ್ಟ್ ದಿನ. ಮಂಗಳವಾರ, ಶುಕ್ರವಾರ ತೆಲುಗು ಪಾಠವನ್ನು ರೋಲ್ ನಂಬರ್ ಪ್ರಕಾರ ಒಬ್ಬೊಬ್ಬರೇ ನಿಂತು ಓದಬೇಕಿತ್ತು. ಟೆಸ್ಟ್ ದಿನದ ಕಥೆ ಬೇರೆ. ಟೆಸ್ಟ್ ಕೊನೇ ಪೀರಿಯಡ್‌ನಲ್ಲಿ. ಇವನ 13 ನಿಮಿಷ ಮುಗಿಯುವ ತನಕ ವ್ಯಾನಿನಲ್ಲಿ ಹನ್ನೊಂದು ಮಕ್ಕಳು ಬಿಸಿಲಲ್ಲಿ ಕಾಯಬೇಕು. ಇವನು ಹತ್ತುತ್ತಿದ್ದಂತೆ "ಮೊದ್ದು ವಚ್ಚಾಡು" ಅಂದರೆ ಮೊದ್ದು ಬಂದ ಅನ್ನುವ ಕೂಗು. ಆಮೇಲೆ ನೀರಿನ ಬಾಟಲಿ ಕಸಿಯುವುದು, ಸೀಟು ಬಿಡದಿರುವುದು. ಒಂದು ದಿನ ತೆಲುಗು ನೋಟ್‌ಬುಕ್ ಕೈಯಿಂದ ಕೈಗೆ ಹೋಗಿ, ಅದರಲ್ಲಿನ ತಪ್ಪುಗಳನ್ನು ಜೋರಾಗಿ ಓದಿದ್ದಾರೆ.

ಎರಡೂ ಕಡೆ ಮಕ್ಕಳಿಗೆ ಸುಳಿವು ಕೊಟ್ಟದ್ದು ದೊಡ್ಡವರ ವೇಳಾಪಟ್ಟಿ. ತೆಲುಗು ಮೇಡಂ ಕೆಟ್ಟವರಲ್ಲ. ಇವನು ತಡವರಿಸಿದಾಗ ನಿಟ್ಟುಸಿರು ಬಿಟ್ಟು "ಸರಿ, ಕೂತ್ಕೋ, ನೆಕ್ಸ್ಟ್" ಅನ್ನುತ್ತಿದ್ದರು, ಅಷ್ಟೆ. ಯಾವಾಗ ನಗಬಹುದು ಎಂದು ತರಗತಿಗೆ ಆ ನಿಟ್ಟುಸಿರಿನಿಂದ ಗೊತ್ತಾಗುತ್ತಿತ್ತು. ವ್ಯಾನಿನಲ್ಲಂತೂ ನಾವು ಕೇಳಿ ಪಡೆದ ಅನುಕೂಲವೇ ಇವನನ್ನು ದಿನಾ ಎಲ್ಲರ ಕಣ್ಣಿಗೆ ಹಿಡಿದು ತೋರಿಸುತ್ತಿತ್ತು. "ಆ ಮೂವರನ್ನು ಶಿಕ್ಷಿಸಿ" ಎಂದಷ್ಟೇ ದೂರು ಕೊಟ್ಟರೆ ಅವರು ಸುಮ್ಮನಾಗಬಹುದು, ಆದರೆ ವ್ಯಾನ್ ಮತ್ತೆ 13 ನಿಮಿಷ ಕಾಯುತ್ತದೆ, ಇನ್ಯಾರೋ ಕೂಗುತ್ತಾರೆ.

ಮೊದಲ ಪತ್ರ ತರಗತಿ ಶಿಕ್ಷಕಿಗೆ. ಮಗ ಹೇಳಿದ್ದನ್ನು ದಿನಾಂಕ, ಜಾಗ, ಯಾರಿದ್ದರು, ಏನೆಂದರು ಅನ್ನುವ ಕ್ರಮದಲ್ಲಿ ಬರೆದೆ. ಅಂದ ಮಾತನ್ನು ತೆಲುಗಿನಲ್ಲೇ ಬರೆದೆ. 'ಮಕ್ಕಳು ಅವಮಾನಿಸಿದರು' ಎಂದು ಬರೆದರೆ ಶಾಲೆಯವರಿಗೆ ವಿಚಾರಿಸಲು ಏನೂ ಸಿಗುವುದಿಲ್ಲ. ಉತ್ತರ ಎರಡು ದಿನದಲ್ಲಿ ಡೈರಿಯಲ್ಲಿ ಬಂತು: ಮಕ್ಕಳು ತಮಾಷೆಗೆ ಅಂದಿದ್ದು, ನಿಮ್ಮ ಹುಡುಗನೂ ಸ್ವಲ್ಪ ಗಟ್ಟಿಯಾಗಬೇಕು. ಆ ವಾರ ಊರಿಂದ ಫೋನ್ ಮಾಡಿದ ಅತ್ತೆಯೂ ಇದನ್ನೇ ಹೇಳಿದರು, ಪಾಪ, ಪ್ರೀತಿಯಿಂದ.

ಎರಡನೇ ಪತ್ರ ಪ್ರಿನ್ಸಿಪಾಲರಿಗೆ. ಇಮೇಲ್ ಕಳಿಸಿದ್ದಲ್ಲದೆ, ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಂಡೆ. ಕಾನೂನಿನ ಭಾಗ ಮೂರೇ ಸಾಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮಿನ ಪ್ರಕಾರ, ಸರ್ಕಾರದ ಮಾನ್ಯತೆ ಇರುವ ಶಾಲೆಗಳೆಲ್ಲ, ಖಾಸಗಿಯಾದರೂ, ಮಗುವಿನ ಅಗತ್ಯಕ್ಕೆ ತಕ್ಕ ಏರ್ಪಾಡು ಮಾಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸಿಬಿಎಸ್‌ಇ 2015ರ ಮಾರ್ಚ್‌ನಲ್ಲಿ ಕಳಿಸಿದ ಮಾರ್ಗಸೂಚಿಯಲ್ಲಿ ಬುಲ್ಲಿಯಿಂಗ್ ತಡೆಗೆ ಸಮಿತಿ ಇರಬೇಕೆಂದಿದೆ, ಅದರಲ್ಲಿ ಪೋಷಕರ ಪ್ರತಿನಿಧಿಯೂ ಇರಬೇಕು. ಅದೇ ಕಾಯ್ದೆಯ 92ನೇ ಕಲಮನ್ನು ನಾನು ಮುಟ್ಟಲಿಲ್ಲ. ವಿಕಲಚೇತನರನ್ನು ಬೇಕೆಂದೇ ಸಾರ್ವಜನಿಕವಾಗಿ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದ ಜೈಲು ಎನ್ನುತ್ತದೆ ಅದು. ಹತ್ತು ವರ್ಷದ ಹುಡುಗರ ಮಾತಿಗೆ ಅದನ್ನು ಎತ್ತಿದರೆ ಶಾಲೆ ವಕೀಲರ ಬಾಯಿಂದ ಮಾತಾಡಲು ಶುರುಮಾಡುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು.

ಪತ್ರದ ಬಹುಪಾಲು, ಏನು ಬದಲಾಗಬೇಕು ಎಂಬುದೇ. ಹೆಚ್ಚುವರಿ ಸಮಯ ಟೆಸ್ಟಿನ ಮುಂಚೆ ಇರಲಿ: ಹಿಂದಿನ ಪೀರಿಯಡ್‌ನ ಕೊನೆಯ 13 ನಿಮಿಷದಲ್ಲಿ ಇವನನ್ನು ಲೈಬ್ರರಿಗೆ ಕರೆದು ಶುರುಮಾಡಿಸಿ, ಮುಗಿಸುವಾಗ ಎಲ್ಲರ ಜೊತೆ ಮುಗಿಸಲಿ. ತೆಲುಗಿನಲ್ಲಿ ಇವನು ಓದಬೇಕಾದ ಪ್ಯಾರಾ ಹಿಂದಿನ ದಿನ ಹೇಳಿ, ಅಥವಾ ಮೇಡಂ ಹತ್ತಿರ ಒಬ್ಬನೇ ಓದಲಿ. ವಿಜ್ಞಾನ, ಸಮಾಜದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ. ವ್ಯಾನಿನಲ್ಲಿ ಆಯಾಗೆ ಹತ್ತಿರದ ಸೀಟು ಕೊಡಿ. ನೋಟ್‌ಬುಕ್ ತಿದ್ದಿ ಹಂಚುವಾಗ ಮಕ್ಕಳ ಕೈಲಿ ಹಂಚಿಸಬೇಡಿ. ಹತ್ತು ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಿ.

ಎಂಟನೇ ದಿನ ಕರೆದರು. ಪ್ರಿನ್ಸಿಪಾಲ್, ಕೌನ್ಸೆಲರ್, ತೆಲುಗು ಮೇಡಂ ಇದ್ದರು. "ಒಬ್ಬನಿಗೆ ಹೀಗೆ ಮಾಡಿದರೆ ಬೇರೆ ಪೋಷಕರು ಕೇಳುತ್ತಾರಲ್ಲ ಮೇಡಂ?" ಎಂದರು ಪ್ರಿನ್ಸಿಪಾಲ್. "ಕೇಳಿದರೆ ಅವರ ಮಗುವಿಗೂ ಬೇಕೇನೋ ನೋಡಿ ಸರ್" ಎಂದೆ. ತಮಾಷೆಗೆ ಅಂದಿದ್ದಲ್ಲ, ಅದೇ ಶಾಲೆಯಲ್ಲಿ ಇನ್ನೂ ಇಬ್ಬರಿಗೆ ಹೆಚ್ಚುವರಿ ಸಮಯ ಇತ್ತೆಂದು ಆಗಲೇ ತಿಳಿದದ್ದು. ಮೂವರನ್ನೂ ಒಟ್ಟಿಗೆ ಲೈಬ್ರರಿಗೆ ಕಳಿಸುವುದೆಂದಾಯಿತು. ಒಬ್ಬನೇ ಹೋದರೆ ಎದ್ದು ಕಾಣುತ್ತಾನೆ. ಮೂವರು ಹೋದರೆ ಅದೊಂದು ಗುಂಪು.

ಆ ಹುಡುಗರಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಕ್ಷಮೆ ಕೇಳಿಸುತ್ತೇವೆ ಎಂದು ಕೌನ್ಸೆಲರ್ ಮುಂದೆ ಬಂದರು. ಬೇಡವೆಂದೆವು. ಆರುನೂರು ಮಕ್ಕಳ ಮುಂದೆ ಮಗನನ್ನು ಮತ್ತೆ ನಿಲ್ಲಿಸಿದಂತೆ. ಅವರ ಜೊತೆ ಕೌನ್ಸೆಲರ್ ಬೇರೆಯಾಗಿ ಮಾತಾಡಿದರು, ಮನೆಗೂ ತಿಳಿಸಿದರು. ಇವನಿಗೇನು ತೊಂದರೆ ಎಂದು ತರಗತಿಗೆ ಹೇಳಬೇಕೋ ಬೇಡವೋ ಎಂಬುದನ್ನು ಅವನಿಗೇ ಬಿಟ್ಟೆವು. "ಈಗ ಬೇಡ" ಎಂದ. ಸೆಪ್ಟೆಂಬರ್ ಕೊನೆಗೆ ವ್ಯಾನಿನ ಕೂಗು ನಿಂತಿತ್ತು. ಕ್ಯಾಲೆಂಡರ್ ಗುರುತು ನಾನಿನ್ನೂ ಹಾಕುತ್ತಿದ್ದೆ, ಅಕ್ಟೋಬರ್‌ನಲ್ಲಿ ಒಂದೇ ಒಂದು.

ಶಾಲೆ ಉತ್ತರವನ್ನೇ ಕೊಡದಿದ್ದರೆ ಮುಂದಿನ ಮೆಟ್ಟಿಲು ಮೇಡ್ಚಲ್-ಮಲ್ಕಾಜ್‌ಗಿರಿಯ ಜಿಲ್ಲಾ ಶಿಕ್ಷಣಾಧಿಕಾರಿ. ಅದರಾಚೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗ, ವಿಕಲಚೇತನರ ರಾಜ್ಯ ಆಯುಕ್ತರು. ಆಯುಕ್ತರಿಗೆ ಜನರನ್ನು ಕರೆಸಿ ದಾಖಲೆ ತರಿಸುವ ಅಧಿಕಾರವಿದೆ, ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು. ಅದರ ಮೇಲೆ ಏನು ಕ್ರಮವಾಯಿತೆಂದು ಮೂರು ತಿಂಗಳಲ್ಲಿ ತಿಳಿಸಬೇಕು. ಅಷ್ಟರಲ್ಲಿ ಶಾಲೆಯ ಒಂದು ಟರ್ಮ್ ಕಳೆದಿರುತ್ತದೆ. ಸೀಲು ಬಿದ್ದ ಪ್ರತಿ ಇಲ್ಲದೆ ಅಲ್ಲಿಗೆ ಹೋದರೆ ಶಾಲೆಯಲ್ಲಿ ದೂರು ಕೊಟ್ಟದ್ದಕ್ಕೇ ಪುರಾವೆ ಇರುವುದಿಲ್ಲ.

ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು, ಇಲ್ಲಿನ ಕನ್ನಡದವರು ಕೇಳುತ್ತಲೇ ಇರುತ್ತಾರೆ. ನಮಗೆ ಹತ್ತಿರದ ಬೋವೆನಪಲ್ಲಿಯಲ್ಲೇ ಕೇಂದ್ರದ ದೊಡ್ಡ ಸಂಸ್ಥೆ ಎನ್‌ಐಇಪಿಐಡಿ ಇದೆ, 1984ರದ್ದು. ಆದರೆ ಅದರ ಮುಖ್ಯ ಕೆಲಸ ಬೌದ್ಧಿಕ ವೈಕಲ್ಯದ್ದು. ಡಿಸ್ಲೆಕ್ಸಿಯಾ ಬೇರೆ, ಅಲ್ಲಿ ಬುದ್ಧಿಗೆ ಕೊರತೆ ಇಲ್ಲ. ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಶಾಲೆಯ ಟೆಸ್ಟಿಗೆ ಸಾಕಾಗಬಹುದು, ಬೋರ್ಡ್ ಪರೀಕ್ಷೆಗೆ ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಅರ್ಜಿ swavlambancard.gov.in ಮೂಲಕ. 2018ರ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷಕ್ಕೆ ಮೊದಲು ಇದನ್ನು ಕೊಡುವುದಿಲ್ಲ, 14ಕ್ಕೆ ಮತ್ತು 18ಕ್ಕೆ ಮತ್ತೆ ಮಾಡಿಸಬೇಕು. ಒಂಬತ್ತನೇ ತರಗತಿಯ ನೋಂದಣಿಗೆ ಮುಂಚೆ ಕೈಯಲ್ಲಿದ್ದರೆ ಓಡಾಟ ಕಡಿಮೆ.

ಪ್ರಮಾಣಪತ್ರವಿದ್ದರೂ ಆ ದಿನ ಹಾಲ್‌ನಲ್ಲಿರುವವರಿಗೆ ವಿಷಯ ಗೊತ್ತಿರಬೇಕು. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ಅವನಿ ಪ್ರಕಾಶ್‌ಗೆ ಸಿಗಬೇಕಿದ್ದ ಒಂದು ಗಂಟೆ ಸಿಗಲಿಲ್ಲ, ಉತ್ತರ ಪತ್ರಿಕೆ ಎಲ್ಲರ ಜೊತೆಗೇ ಕಿತ್ತುಕೊಂಡರು. ಆ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಕೆಗೆ ಅನ್ಯಾಯವಾಗಿದೆ ಎಂದಿತು, ಸರಿಪಡಿಸುವ ದಾರಿ ಹುಡುಕಿ ಎಂದು ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆಗೆ ಮಾತ್ರ ಒಪ್ಪಲಿಲ್ಲ. ಅದನ್ನು ಓದಿದ ಮೇಲೆ ಪ್ರತಿ ಟೆಸ್ಟಿನ ಹಿಂದಿನ ದಿನ ತರಗತಿ ಶಿಕ್ಷಕಿಗೆ ಎರಡು ಸಾಲಿನ ಮೆಸೇಜ್ ಹಾಕುತ್ತೇನೆ.

ತೆಲುಗು ಮಾತ್ರ ಹಾಗೇ ಉಳಿದಿದೆ. 2016ರ ಕಾಯ್ದೆಯ 17ನೇ ಕಲಮಿನಲ್ಲಿ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿಯ ಮಾತಿದೆ, ರಾಜ್ಯದ ಕಾಯ್ದೆ ತೆಲುಗು ಕಡ್ಡಾಯ ಎನ್ನುತ್ತದೆ. ನಮ್ಮ ಹಂತದಲ್ಲಿ ಇದು ತೀರ್ಮಾನವಾಗುವಂಥದ್ದಲ್ಲ ಎಂದರು ಪ್ರಿನ್ಸಿಪಾಲ್. ಅದು ನಿಜವೂ ಹೌದು. ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಮೂರನೇ ಪತ್ರ ಜಿಲ್ಲಾ ಶಿಕ್ಷಣಾಧಿಕಾರಿಗೆ ಬರೆದಿದ್ದೇವೆ. ಅಲ್ಲಿಯವರೆಗೆ ಮಂಗಳವಾರ, ಶುಕ್ರವಾರದ ಪ್ಯಾರಾ ಹಿಂದಿನ ಸಂಜೆಯೇ ಬರುತ್ತದೆ, ಫೋನಿನಲ್ಲಿ, ತೆಲುಗು ಮೇಡಂ ತಾವೇ ಓದಿ ರೆಕಾರ್ಡ್ ಮಾಡಿದ ದನಿಯ ಜೊತೆ.