ಐದು ಅಂಕಣದಲ್ಲಿ ಒಂದು ವರ್ಷ

ಸಿನಿಮಾದಲ್ಲಿ ಒಂದು ವರ್ಷ ಕಳೆಯಿತೆಂದು ತೋರಿಸಲು ಸುಲಭದ ದಾರಿ ಒಂದಿದೆ. ದೃಶ್ಯ ಕತ್ತರಿಸಿ ‘ಒಂದು ವರ್ಷದ ನಂತರ’ ಎಂದು ಪರದೆಯ ಮೇಲೆ ಬರೆದರೆ ಮುಗಿಯಿತು. ಕಷ್ಟದ ದಾರಿಯೂ ಒಂದಿದೆ. ಕ್ಯಾಮೆರಾ ನಿಲ್ಲದೆ ನಡೆಯುತ್ತಲೇ ಇರಬೇಕು. ನಾವು ನೋಡುತ್ತಿದ್ದಂತೆಯೇ ಬೇಸಿಗೆ ಸರಿದು ಮಳೆ ಬರಬೇಕು, ಮಳೆ ಸರಿದು ಚಳಿ ಬರಬೇಕು.

1999ರಲ್ಲಿ ಬಂದ ‘ನಾಟಿಂಗ್ ಹಿಲ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಇಂಥ ದೃಶ್ಯವಿದೆ. ನಾಯಕ ಲಂಡನ್ನಿನ ಒಂದು ಸಂತೆಬೀದಿಯಲ್ಲಿ ನಡೆದುಹೋಗುತ್ತಾನೆ. ಬೀದಿ ಮುಗಿಯುವುದರೊಳಗೆ ಮಳೆ ಸುರಿದು, ಹಿಮ ಬಿದ್ದು, ಮತ್ತೆ ಬಿಸಿಲು ಬರುತ್ತದೆ. ಮೊದಲಿಗೆ ಕಂಡ ಗರ್ಭಿಣಿ ಕೊನೆಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿರುತ್ತಾಳೆ. ಒಂದೇ ಉಸಿರಿನಲ್ಲಿ ತೆಗೆದಂತೆ ಕಂಡರೂ ಅದು ಕೆಲವು ತುಣುಕುಗಳ ಜೋಡಣೆ. ಮಳೆ, ಹಿಮ ಎಲ್ಲವೂ ಕೃತಕ.

ನಮ್ಮ ಹಲಗೇರಿಯ ಹಳೆಯ ಮನೆಯನ್ನು ಬಿಚ್ಚುವುದೆಂದು ಮನೆಮಂದಿ ಸೇರಿ ತೀರ್ಮಾನಿಸಿದಾಗ ನನಗೆ ಈ ದೃಶ್ಯ ನೆನಪಾಯಿತು. ಸಂಕ್ರಾಂತಿ ಕಳೆದ ಮೇಲೆ ಹೆಂಚು ಇಳಿಸುವುದೆಂದು ಮಾತಾಗಿತ್ತು. ಪಡಸಾಲೆಯಲ್ಲಿ ಕುಳಿತು ಅಂಗಳ ನೋಡುತ್ತ ಎಂಬತ್ತು ವರ್ಷ ದಾಟಿದ ನನ್ನ ಅವ್ವನಿಗೆ ಅದೇ ದೊಡ್ಡ ಚಿಂತೆ. “ಮನಿ ಹೋಗ್ಲಿ, ಇಲ್ಲಿಂದ ಕಾಣೋ ಬೇವಿನಗಿಡ ಎಲ್ಲಿಂದ ನೋಡ್ಲಿ?” ಎನ್ನುತ್ತಿದ್ದಳು. ಆಗ ಎಂಟನೆಯ ತರಗತಿಯ ಮೊಮ್ಮಗಳೂ ನಾನೂ ಸೇರಿ, ಇನ್ನುಳಿದ ಒಂದು ವರ್ಷವನ್ನು ಮೊಬೈಲಿನಲ್ಲಿ ಒಂದೇ ನಡಿಗೆಯ ಚಿತ್ರವಾಗಿ ಹಿಡಿಯಲು ಹೊರಟೆವು. ಒಂದು ಋತು ತಪ್ಪಿದರೆ ಅದು ಆ ಪಡಸಾಲೆಗೆ ಮತ್ತೆ ಬರುವಂತಿರಲಿಲ್ಲ.

ಮನೆ ಪೂರ್ವಕ್ಕೆ ಮುಖ ಮಾಡಿತ್ತು. ಪಡಸಾಲೆಗೆ ನಾಲ್ಕು ದಪ್ಪ ಸಾಗವಾನಿ ಕಂಬ, ಅವುಗಳಿಂದಾಗಿ ಐದು ಅಂಕಣ. ಅಂಗಳದಲ್ಲಿ ಬಾಗಿಲಿಗೆ ನೇರವಾಗಿ ಬೇವಿನ ಮರ. ನಮ್ಮ ಉಪಾಯವೆಲ್ಲ ಆ ಕಂಬಗಳಲ್ಲೇ ಇತ್ತು. ಕಂಬಕ್ಕೆ ಒಂದು ಗೇಣು ದೂರದಲ್ಲಿ ಮೊಬೈಲ್ ಹಿಡಿದು ಸಾಗಿದರೆ, ಪ್ರತಿ ಕಂಬ ದಾಟುವಾಗ ಒಂದು ಕ್ಷಣ ಪರದೆಯ ತುಂಬ ಕಂಬದ ಕಪ್ಪೇ ತುಂಬುತ್ತದೆ. ಆ ಕಪ್ಪಿನಲ್ಲಿ ಒಂದು ಋತುವಿನ ತುಣುಕನ್ನು ಕತ್ತರಿಸಿ ಇನ್ನೊಂದು ಋತುವಿನದನ್ನು ಅಂಟಿಸಬಹುದು. ನೋಡುವವರಿಗೆ ಕಂಬದ ಆಚೆ ಯುಗಾದಿ, ಈಚೆ ಬೇಸಿಗೆ!

ಇದಕ್ಕೆ ಪ್ರತಿಸಲದ ನಡಿಗೆಯೂ ಒಂದೇ ತೆರನಾಗಿರಬೇಕು. ನೆಲದ ಮೇಲೆ ಸುಣ್ಣದ ಗೆರೆ ಎಳೆದೆವು. ಮೊಬೈಲಿಗೆ ದಾರ ಕಟ್ಟಿ ತುದಿಗೆ ಒಂದು ಹರಳು ತೂಗುಬಿಟ್ಟೆವು. ಹರಳು ನೆಲಕ್ಕೆ ಸೋಕಿಯೂ ಸೋಕದಂತೆ ಸಾಗಿದರೆ ಎತ್ತರ ತಪ್ಪುವುದಿಲ್ಲ. ಹತ್ತು ಎಣಿಸುವಷ್ಟರಲ್ಲಿ ಒಂದು ಅಂಕಣ. ಬೇಕಾದದ್ದು ಒಂದೇ ಅಂಕಣವಾದರೂ ಪ್ರತಿ ಋತುವಿನಲ್ಲೂ ಐದನ್ನೂ ನಡೆದು ತೆಗೆದೆವು, ಯಾವ ಕಂಬದಲ್ಲಿ ಬೇಕಾದರೂ ಕತ್ತರಿಸಲು ಬರಲೆಂದು.

ಮೊಬೈಲಿನದೇ ಒಂದು ತಂಟೆ ಇರುತ್ತದೆ. ಕಂಬ ಎದುರು ಬಂದೊಡನೆ ಅದು ಕತ್ತಲಾಯಿತೆಂದು ತಿಳಿದು ತಾನೇ ಬೆಳಕು ಹೆಚ್ಚಿಸಿಕೊಳ್ಳುತ್ತದೆ. ಕಂಬ ದಾಟಿದಾಗ ಅಂಗಳ ಕ್ಷಣಕಾಲ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ, ಜೋಡಣೆಯ ಗುಟ್ಟು ರಟ್ಟಾಗುತ್ತದೆ. ಹೆಜ್ಜೆ ಇಡುವ ಮೊದಲೇ ಪರದೆಯ ಮೇಲೆ ಮರ ಕಾಣುವಲ್ಲಿ ಬೆರಳೊತ್ತಿ ಹಿಡಿದು ಬೆಳಕನ್ನು ಸ್ಥಿರಗೊಳಿಸಿದರೆ ಈ ಕಾಟವಿಲ್ಲ.

ಇನ್ನು ಋತುವಿನ ಗುರುತು. ಲಂಡನ್ನಿನವರಿಗೆ ಹಿಮ ಬಿದ್ದರೆ ಸಾಕು, ಚಳಿಗಾಲವೆಂದು ಗೊತ್ತಾಗುತ್ತದೆ. ನಮ್ಮ ಬೇವು ವರ್ಷದ ಬಹುಭಾಗ ಹಸಿರಾಗಿಯೇ ಇರುತ್ತದೆ. ಅದು ಎಲೆ ಉದುರಿಸಿ ಹೊಸದು ತೊಡುವುದು ಯುಗಾದಿಯ ಆಸುಪಾಸಿನಲ್ಲಿ ಮಾತ್ರ. ಆಗ ಬರುವ ಎಳೆ ಚಿಗುರು ತಾಮ್ರದ ಬಣ್ಣ. ಬೆಳಿಗ್ಗೆ ಎಂಟಕ್ಕೆ ಸೂರ್ಯ ಮರದ ಹಿಂದಿರುವುದರಿಂದ ಆ ಚಿಗುರು ಕೆಂಡದಂತೆ ಹೊಳೆಯುತ್ತಿತ್ತು. ಕೆಲವು ದಿನ ಕಳೆದರೆ ಅದೂ ಹಸಿರಿಗೆ ತಿರುಗುತ್ತದೆ. ಅದಕ್ಕೇ ಮೊದಲ ಅಂಕಣ ಯುಗಾದಿಗೆ ಮೀಸಲಾಯಿತು.

“ಅಜ್ಜಾ, ಉಳಿದ ನಾಕೂ ಹಸರಾ ಅದಾವು. ನೋಡಾವ್ರಿಗೆ ಹೆಂಗ್ ಗೊತ್ತಾಕ್ಕೈತಿ?” ಎಂದು ಮೊಮ್ಮಗಳು ಕೇಳಿದಳು. ಉತ್ತರ ಕೊಟ್ಟವಳು ಅವ್ವ. “ಗಿಡ ನೋಡಬ್ಯಾಡ್ರಿ, ನೆಳ್ಳ ನೋಡ್ರಿ.”

ಅವ್ವ ವರ್ಷಗಟ್ಟಲೆ ನೋಡಿದ್ದು ಅದನ್ನೇ. ನಮ್ಮ ಸೀಮೆಯಲ್ಲಿ ಸೂರ್ಯ ಹುಟ್ಟುವ ಜಾಗ ವರ್ಷವಿಡೀ ಸರಿದಾಡುತ್ತದೆ. ಮಾರ್ಚ್ ಕೊನೆಗೆ ಹೆಚ್ಚುಕಡಿಮೆ ನೇರ ಪೂರ್ವ, ಮೇ ತಿಂಗಳಲ್ಲಿ ಉತ್ತರಕ್ಕೆ ವಾಲಿ, ದೀಪಾವಳಿಯ ಹೊತ್ತಿಗೆ ದಕ್ಷಿಣಕ್ಕೆ. ಸೂರ್ಯ ಒಂದು ಕಡೆ ಸರಿದರೆ ನೆರಳು ಇನ್ನೊಂದು ಕಡೆಗೆ. ಹೀಗಾಗಿ ಬೆಳಿಗ್ಗೆ ಎಂಟಕ್ಕೆ ಬೇವಿನ ಬೊಡ್ಡೆಯ ನೆರಳು ಯುಗಾದಿಯಲ್ಲಿ ನೇರ ಹೊಸ್ತಿಲ ಕಡೆ ಬಂತು. ಮೇ ನಡುವಿನಲ್ಲಿ ಬಲಗಡೆಯ ಒರಳುಕಲ್ಲಿನತ್ತ ವಾಲಿತು. ಜುಲೈನ ಮೋಡದಲ್ಲಿ ನೆರಳೇ ಇರಲಿಲ್ಲ. ಆ ಇಲ್ಲದಿರುವುದೇ ಮಳೆಗಾಲದ ಗುರುತು, ಜೊತೆಗೆ ತೊಯ್ದು ಕಪ್ಪಾದ ಬೊಡ್ಡೆ. ದೀಪಾವಳಿಗೆ ನೆರಳು ಎಡಗಡೆಯ ತುಳಸಿಕಟ್ಟೆಯ ಕಡೆ ತಿರುಗಿತು. ಸಂಕ್ರಾಂತಿಯಲ್ಲಿ ಸೂರ್ಯ ತಗ್ಗಿನಲ್ಲಿದ್ದುದರಿಂದ ಅದೇ ಕಡೆ, ಆದರೆ ಯುಗಾದಿಯ ನೆರಳಿನ ಸುಮಾರು ಒಂದೂವರೆ ಪಟ್ಟು ಉದ್ದ. ಒಂದೇ ದಿನ ಕುಳಿತು ಎಲೆ ಬಣ್ಣ ಬದಲಿಸಿ, ನೀರು ಚಿಮುಕಿಸಿ ಐದೂ ಋತು ತೆಗೆದೆನೆನ್ನುವವನನ್ನು ಹಿಡಿಯುವುದು ಹೀಗೆಯೇ. ಎಲೆಯನ್ನು ಅಂಟಿಸಬಹುದು, ಹೊತ್ತನ್ನು ಸರಿಸದೆ ನೆರಳನ್ನು ತಿರುಗಿಸಲಾಗದು.

ಈ ಕಾರಣಕ್ಕೇ ದೀಪಾವಳಿಯಲ್ಲಿ ನಮಗೆ ತೊಡಕಾಯಿತು. ಹಬ್ಬದ ವಾರವೆಲ್ಲ ಮೋಡ. ಹಾಗೆಯೇ ತೆಗೆದಿದ್ದರೆ ನಾಲ್ಕನೆಯ ಅಂಕಣವೂ ಮಳೆಗಾಲವೇ ಆಗಿಬಿಡುತ್ತಿತ್ತು. ಒಂಬತ್ತು ದಿನ ಕಾದು, ಬಿಸಿಲು ಬಿದ್ದ ಬೆಳಿಗ್ಗೆ ನಡೆದೆವು. ಅಂಗಳದಲ್ಲಿ ಗೋವಿನಜೋಳದ ತೆನೆಯ ರಾಶಿ ಇನ್ನೂ ಇದ್ದದ್ದು ಪುಣ್ಯ.

ನೆಲವೂ ಹೀಗೆ ಸಾಕ್ಷಿ ಹೇಳುತ್ತದೆ. ಮೇ ತಿಂಗಳಲ್ಲಿ ಬರೀ ಧೂಳು, ಜುಲೈನಲ್ಲಿ ಗೋಡೆಗೊರಗಿದ ಕೂರಿಗೆ, ಸಂಕ್ರಾಂತಿಯಲ್ಲಿ ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಇವೆಲ್ಲಕ್ಕೂ ಮೇಲೆ, ಯುಗಾದಿಯ ಅಂಕಣದಲ್ಲಿ ತೊಟ್ಟಿಲೊಳಗಿದ್ದ ಎರಡು ತಿಂಗಳ ನಮ್ಮ ಕೂಸು ಸಂಕ್ರಾಂತಿಯ ಅಂಕಣದಲ್ಲಿ ಒರಳುಕಲ್ಲು ಹಿಡಿದು ನಿಂತಿದೆ.

ಜೋಡಿಸುವಾಗ ಮೊಮ್ಮಗಳು ಒಂದು ಜಾಣತನ ಮಾಡಿದಳು. ಚಿತ್ರವನ್ನು ಕಂಬದ ಕಪ್ಪಿನಲ್ಲಿ ಕತ್ತರಿಸಿದಳು, ಸದ್ದನ್ನು ಮಾತ್ರ ಅಲ್ಲಿ ಕತ್ತರಿಸಲಿಲ್ಲ. ಎರಡನೆಯ ಅಂಕಣದ ಬಿಸಿಲಿನಲ್ಲೇ ಹೆಂಚಿನ ಮೇಲೆ ಹನಿ ಬೀಳುವ ಸದ್ದು ಮೆಲ್ಲಗೆ ಶುರುವಾಗುತ್ತದೆ, ಆಮೇಲೆ ಕಂಬ, ಆಮೇಲೆ ಮಳೆ. ಕಿವಿ ಮೊದಲೇ ಮಳೆಗೆ ಸಿದ್ಧವಾಗಿರುವುದರಿಂದ ಕಣ್ಣು ಜೋಡಣೆಯನ್ನು ಹುಡುಕುವುದಿಲ್ಲ.

ಎಲ್ಲ ಸೇರಿ ಐವತ್ತು ಸೆಕೆಂಡಿನ ಚಿತ್ರ. ಹೆಂಚು ಇಳಿಸುವ ಹಿಂದಿನ ದಿನ ಅವ್ವನಿಗೆ ತೋರಿಸಿದೆವು. ಕೊನೆಯ ಅಂಕಣ ಬಂದಾಗ ಅವಳು ಪರದೆಯ ಮೇಲೆ ಬೆರಳಿಟ್ಟು ನೆರಳಿನ ತುದಿಯನ್ನು ಹುಡುಕಿದಳು. “ತುಳಸಿಕಟ್ಟಿ ಮುಟ್ಟೈತಿ. ಹೌದು, ಇದು ಪುಷ್ಯಮಾಸನಽ” ಎಂದಳು.