ಬುಡದಲ್ಲಿ ಉಳಿದ ಜೀವ

ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಮೊದಲು ಕಸದ ಪಾಲಾಗುವುದು ಅದರ ಬುಡ. ಅದಕ್ಕೆ ಮಣ್ಣು ಮೆತ್ತಿರುವುದು, ಗಟ್ಟಿಯಾಗಿರುವುದು, ಬಾಯಿಗೆ ರುಚಿಸದು. ಆದುದರಿಂದ ಅದನ್ನು ಕೊಯ್ದು ಎಸೆಯುವುದು ನಮ್ಮ ಮನೆಯಲ್ಲಿಯೂ ಬಹುಕಾಲದ ವಾಡಿಕೆಯಾಗಿದ್ದಿತು. ಎಸೆಯುತ್ತಿದ್ದ ಆ ಭಾಗದಲ್ಲಿಯೇ ಗಿಡದ ಜೀವವು ಅಡಗಿರುವುದೆಂಬುದನ್ನು ನಾವು ತಿಳಿದುದು ಅರುವತ್ತು ವರ್ಷ ದಾಟಿದ ಮೇಲೆ. ಅಷ್ಟನ್ನೂ ತಿಳಿಯದೆ ಇದ್ದಿದ್ದರೆ ನಮ್ಮ ತಾಯಿಯವರು ನೆಟ್ಟಿದ್ದ ಒಂದು ಗಿಡವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದೆವು. ಆ ಸಂಗತಿಯನ್ನು ವಾಚಕ ಸೋದರಿಯರ ಮುಂದೆ ಕ್ರಮವಾಗಿ ನಿವೇದಿಸುವೆವು.

ನಾವಿರುವುದು ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ 3ನೆಯ ಅಂತಸ್ತಿನಲ್ಲಿ. ಹಿತ್ತಲೆಂಬುದಿಲ್ಲ. ಅಡಿಗೆಮನೆಗೆ ಪೂರ್ವದಲ್ಲೊಂದು ಕಿಟಕಿ, ಅದರ ಪಕ್ಕದಲ್ಲಿ ನಾಲ್ಕು ಕುಂಡಗಳು ಹಿಡಿಯುವಷ್ಟು ಬಾಲ್ಕನಿ. ಇಷ್ಟೇ ನಮ್ಮ ತೋಟ. 2023ರ ಜನವರಿಯಲ್ಲಿ ಒಂದು ದಿನ ನಮ್ಮ ಸೊಸೆಯು ಪಲ್ಯಕ್ಕೆ ಈರುಳ್ಳಿಸೊಪ್ಪನ್ನು ಹೆಚ್ಚುತ್ತಿದ್ದಾಗ, ಮೊಮ್ಮಗಳು ಬೇರುಗಳುಳ್ಳ 8 ಬುಡಗಳನ್ನು ಕಸದಿಂದ ಹೆಕ್ಕಿ ತಂದು, “ಅಜ್ಜೀ, ಇವನ್ನು ನೀರಿನಲ್ಲಿಟ್ಟರೆ ಮತ್ತೆ ಬೆಳೆಯುತ್ತವಂತೆ, ನೋಡೋಣವೆ?” ಎಂದು ಕೇಳಿದಳು. ಮಗುವಿನ ಆಟವೆಂದು ಒಪ್ಪಿಕೊಂಡೆವು.

ಬೇರಿನ ಮೇಲೆ ಒಂದೂವರೆ ಅಂಗುಲದಷ್ಟು ಬಿಳಿಯ ಭಾಗವು ಉಳಿದಿದ್ದ ಆ ಬುಡಗಳನ್ನು ಎರಡು ಗಾಜಿನ ಲೋಟಗಳಲ್ಲಿ ನಾಲ್ಕುನಾಲ್ಕರಂತೆ ನಿಲ್ಲಿಸಿದೆವು. ಒಂದರಲ್ಲಿ ಬೇರುಗಳು ಮಾತ್ರ ನೆನೆಯುವಂತೆ ನೀರೆರೆದೆವು. ಇನ್ನೊಂದಕ್ಕೆ, ನೀರು ಹೆಚ್ಚಿದ್ದಷ್ಟೂ ಲೇಸೆಂದು ಭಾವಿಸಿ, ಕತ್ತರಿಸಿದ ತುದಿಯವರೆಗೂ ತುಂಬಿಸಿದೆವು. ಮೊದಲನೆಯ ಲೋಟದಲ್ಲಿ ಮರುದಿನ ಬೆಳಿಗ್ಗೆಯೇ ಬಿಳಿಯ ಸುರುಳಿಯ ನಡುವಿನಿಂದ ಹಸಿರು ಮೊನೆಯು ಇಣಿಕಿತು; ಹತ್ತನೆಯ ದಿನಕ್ಕೆ ಒಂದು ಗೇಣು ಎದ್ದಿತು. ಎರಡನೆಯ ಲೋಟದಲ್ಲಿ ನಾಲ್ಕೇ ದಿನಕ್ಕೆ ನೀರು ಕದಡಿ, ಹೊರಪದರವು ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವಂತಹ ವಾಸನೆ ಬಂದಿತು. ಅವುಗಳಲ್ಲಿ ಎರಡರ ತಳವನ್ನು ಒತ್ತಿ ನೋಡಲು ಇನ್ನೂ ಗಟ್ಟಿಯಾಗಿದ್ದುದರಿಂದ, ಲೋಳೆಯ ಪದರವನ್ನು ಸುಲಿದು ತೊಳೆದು ಹೊಸ ನೀರಿನಲ್ಲಿಟ್ಟೆವು; ಅವು ಬದುಕಿದುವು. ತಳವೇ ಮೆತ್ತಗಾಗಿದ್ದ ಮಿಕ್ಕೆರಡನ್ನು ಎಸೆಯಬೇಕಾಯಿತು.

ಕುತೂಹಲದಿಂದ ಒಂದು ಬುಡವನ್ನು ಉದ್ದಕ್ಕೆ ಸೀಳಿ ನೋಡಿದೆವು. ಬೇರುಗಳು ಹುಟ್ಟುವಲ್ಲಿ ಗುಂಡಿಯಷ್ಟು ಅಗಲದ ಒಂದು ಗಟ್ಟಿ ಬಿಲ್ಲೆಯುಂಟು. ಈರುಳ್ಳಿಯ ನಿಜವಾದ ಕಾಂಡವೆಂದರೆ ಅಷ್ಟೆ. ಮೇಲಿರುವುದೆಲ್ಲ ಅದರಿಂದೆದ್ದ ಎಲೆಗಳ ಸುರುಳಿ. ಎಲೆಯು ತುದಿಯಿಂದ ಬೆಳೆಯದೆ ಬುಡದಿಂದ ಮೇಲಕ್ಕೆ ತಳ್ಳಲ್ಪಡುವುದರಿಂದ, ತುದಿಯನ್ನು ಕೊಯ್ದರೂ ಬೆಳವಣಿಗೆ ನಿಲ್ಲದು. ಬಿಲ್ಲೆಯು ಉಳಿದಿದ್ದರೆ ಗಿಡವುಂಟು. ಬಿಲ್ಲೆಯು ಹೋದರೆ ಉಳಿದುದು ಬರಿಯ ತರಕಾರಿ.

ಆದರೆ ಈ ಬೆಳೆಗೆ ಬಂಡವಾಳವೆಲ್ಲಿಂದ ಬಂದಿತು? ನಲ್ಲಿಯ ನೀರಿನಲ್ಲಿ ಗಿಡಕ್ಕೆ ಬೇಕಾದ ಸಾರವು ಬಹು ಅಲ್ಪ. ಬಿಳಿಯ ಭಾಗದಲ್ಲಿ ಕೂಡಿಟ್ಟಿದ್ದ ಸಕ್ಕರೆಯನ್ನೇ ಅದು ಖರ್ಚುಮಾಡುತ್ತಿದ್ದಿತು. ಮೊದಲ ಕೊಯ್ಲು ಹುಲುಸಾಗಿ ಬಂದಿತು. ಎರಡನೆಯದು ದಾರದಂತೆ ತೆಳ್ಳಗಾಯಿತು. ಮೂರನೆಯ ಬಾರಿ ಎಲೆಯು ಹಳದಿಗಟ್ಟಿ ಬಾಗಿತು. ಅಷ್ಟರಲ್ಲಿ, ಮೊದಲ ಕೊಯ್ಲಾದೊಡನೆ ಮೂರು ಬುಡಗಳನ್ನು ಕುಂಡಕ್ಕೆ ವರ್ಗಾಯಿಸಿದ್ದೆವು. ಕೆಂಮಣ್ಣು 2 ಪಾಲು, ಹಳೆಯ ಸಗಣಿಗೊಬ್ಬರ 1 ಪಾಲು, ಮರಳು 1 ಪಾಲು ಬೆರಸಿ, ಬಿಳಿಯ ಭಾಗದ ಅರ್ಧವು ಹೂತುಹೋಗುವಂತೆ ನೆಟ್ಟೆವು. ಅವು ಮತ್ತೆ ದಪ್ಪನಾಗಿ ಏಪ್ರಿಲಿನವರೆಗೂ ಸೊಪ್ಪು ಕೊಟ್ಟುವು. ನೀರಿನ ಲೋಟವು ಒಂದು ಕೊಯ್ಲಿನ ಛತ್ರವೇ ಹೊರತು ಮನೆಯಲ್ಲವೆಂದು ಅಂದು ಅರಿತೆವು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಮನೆಯೊಳಗಣ ಇಂತಹ ನಿಂತ ನೀರಿನಲ್ಲಿಯೇ ಸಂತಾನವನ್ನು ಬೆಳೆಸುವುದು. ಸೆಕೆಗಾಲದಲ್ಲಿ ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರದಷ್ಟು ಕಾಲ ಸಾಕು. ಅದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿರುವುದರಿಂದ ನೀರನ್ನು ಚೆಲ್ಲಿದರೆ ಮಾತ್ರ ಸಾಲದು. ನಾವು ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಲೋಟವನ್ನು ನಾರಿನಿಂದ ಉಜ್ಜುತ್ತಿದ್ದೆವು.

ಫೆಬ್ರವರಿಯಲ್ಲಿ ಸೆಲರಿಯ ಸರದಿ ಬಂದಿತು. ಸೂಪಿಗೆಂದು ಸೊಸೆಯು ತಂದಿದ್ದ ಕಟ್ಟಿನ ತಳವನ್ನು 2 ಅಂಗುಲ ಎತ್ತರಕ್ಕೆ ಇಡಿಯಾಗಿ ಕೊಯ್ದು, ಅರ್ಧ ಅಂಗುಲ ನೀರಿದ್ದ ಬಟ್ಟಲಿನಲ್ಲಿ ಕೂರಿಸಿದೆವು. ಇದಕ್ಕೂ ತಳದಲ್ಲೊಂದು ಕುಗ್ಗಿದ ಕಾಂಡವುಂಟು. ಅದರ ನಡುವೆ ಎಳೆಯ ಮೊಗ್ಗು ಇರುವುದು. ಐದನೆಯ ದಿನ ನಟ್ಟನಡುವೆ ಹಳದಿಮಿಶ್ರಿತ ಹಸಿರಿನ ಪುಟ್ಟ ಎಲೆಗಳು ಬಿಚ್ಚಿಕೊಂಡುವು. ಸುತ್ತಲಿನ ದಂಟಿನ ತುಂಡುಗಳು ಕಂದು ಬಣ್ಣಕ್ಕೆ ತಿರುಗಿದುದನ್ನು ಕಂಡು ಮೊಮ್ಮಗಳು ಅಳುಮೋರೆ ಮಾಡಿದಳು. ಅವು ಕೊಳೆಯುವುದು ಸಹಜವೇ. ನಡುವಿನ ಮೊಗ್ಗು ಬಿರುಸಾಗಿರುವವರೆಗೂ ಚಿಂತೆಯಿಲ್ಲ. ಹತ್ತು ದಿನಗಳ ತರುವಾಯ, ನಡುವಿನ ಎಲೆಗಳು ಮಾತ್ರ ಕಾಣುವಂತೆ ಮಣ್ಣಿನಲ್ಲಿ ಕೂರಿಸಿದೆವು.

ಇದರಿಂದ ಪೇಟೆಯ ದಪ್ಪ ದಂಟನ್ನು ನಿರೀಕ್ಷಿಸಿದವರಿಗೆ ನಿರಾಶೆಯೇ ಗತಿ. ಸೆಲರಿಯು ತಂಪು ಹವೆಯನ್ನೂ, ಸದಾ ತೇವವಾದ ಫಲವತ್ತಾದ ನೆಲವನ್ನೂ ಬೇಡುವ ಗಿಡ. ನಮಗೆ ದೊರೆತುದು ಕೊತ್ತಂಬರಿಯ ಕಡ್ಡಿಗಿಂತ ಕೊಂಚ ದಪ್ಪನಾದ ದಂಟುಗಳು, ಬಹು ಘಾಟಾದ ಎಲೆಗಳು. ಸಾರಿನ ಪರಿಮಳಕ್ಕೆ ನಾಲ್ಕು ಎಲೆ ಕಿತ್ತುಕೊಳ್ಳಲು ಅದು ಒಪ್ಪಿತವಾಗಿದ್ದಿತು. ಏಪ್ರಿಲಿನ ಬಿಸಿಲಿಗೆ ದಂಟುಗಳು ನಾರಾಗಿ, ಕಹಿಯಾಗಿ, ಗಿಡವು ಸೊರಗಿತು. ಪುನಃ ಮಾಡುವುದಾದರೆ ಅಕ್ಟೋಬರಿನಲ್ಲಿಯೇ ಆರಂಭಿಸುವೆವು.

ಇಷ್ಟರವರೆಗೆ ಇದು ಆಟವಾಗಿದ್ದಿತು. ಮೈಸೂರಿನ ನಮ್ಮ ತವರುಮನೆಯ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, 1971ರಲ್ಲಿ ತಾಯಿಯವರು ನೆಟ್ಟ ಮಜ್ಜಿಗೆಹುಲ್ಲಿನ ಪೊದೆಯೊಂದಿದ್ದಿತು. ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಅದರ ಎರಡು ಗರಿಗಳನ್ನು ಗಂಟುಹಾಕಿ, ಶುಂಠಿಯೊಡನೆ ಕುದಿಸಿ ಕಷಾಯ ಕೊಡುತ್ತಿದ್ದರು. ತಾಯಿಯವರು 2019ರಲ್ಲಿ ತೀರಿಕೊಂಡರು. 2023ರಲ್ಲಿ ಮನೆಯು ಮಾರಾಟವಾಯಿತು. ಮೇ ತಿಂಗಳ ಕಡೆಯಲ್ಲಿ ನಾವು ಅಲ್ಲಿಗೆ ಕೊನೆಯ ಬಾರಿ ಹೋದಾಗ, ನಮ್ಮ ತಮ್ಮನು ಕುಡುಗೋಲಿನಿಂದ ಒಂದು ಹಿಡಿ ಹುಲ್ಲನ್ನು ಕೊಯ್ದು ಕಷಾಯಕ್ಕೆಂದು ಕಟ್ಟಿಕೊಟ್ಟನು. “ಅಕ್ಕಾ, ಮಳೆ ಬೀಳಲಿ, ಬುಡವನ್ನು ಅಗೆದು ಕಳುಹಿಸುತ್ತೇನೆ” ಎಂದನು. ಜೂನ್ ಎರಡನೆಯ ವಾರದಲ್ಲಿ ಅವನೇ ದೂರವಾಣಿಯಲ್ಲಿ ತಿಳಿಸಿದನು: ಹೊಸ ಯಜಮಾನರು ಹಿತ್ತಲನ್ನು ಯಂತ್ರದಿಂದ ಕೆರೆಸಿ ಮಣ್ಣನ್ನು ಲಾರಿಯಲ್ಲಿ ಸಾಗಿಸಿಬಿಟ್ಟಿದ್ದರು. ಅವರ ತಪ್ಪೇನೂ ಇಲ್ಲ. ಹುಲ್ಲೆಂದರೆ ಹುಲ್ಲೇ ಅಲ್ಲವೆ?

ಆಗ ನಮಗೆ ಫ್ರಿಜ್ಜಿನ ತಳದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಟ್ಟು ನೆನಪಾಯಿತು. ಬಳಸಿ ಉಳಿದುದು 7 ಕಡ್ಡಿಗಳು. ಬೇರು ಒಂದರಲ್ಲಿಯೂ ಇಲ್ಲ. ಈರುಳ್ಳಿಯ ಪಾಠವನ್ನು ನೆನೆದು ಪ್ರತಿಯೊಂದರ ತಳವನ್ನೂ ಬೆಳಕಿಗೆ ಹಿಡಿದು ನೋಡಿದೆವು. ನಾಲ್ಕರ ತಳದಲ್ಲಿ ಉಂಗುರದೊಳಗೆ ಉಂಗುರವಿದ್ದು, ಉಗುರಿನಿಂದ ಬಿಡಿಸಬಹುದಾಗಿದ್ದಿತು. ಅವು ಎಲೆಯ ಸುರುಳಿಗಳು ಮಾತ್ರ, ಕುಡುಗೋಲು ಕಾಂಡಕ್ಕಿಂತ ಮೇಲೆ ಹಾಯ್ದಿದ್ದಿತು. ಮೂರರಲ್ಲಿ ಮಾತ್ರ ತಳವು ಉಂಗುರಗಳಿಲ್ಲದೆ, ಕಬ್ಬಿನ ಗಿಣ್ಣಿನಂತೆ ಗಟ್ಟಿಯಾಗಿದ್ದಿತು.

ಒಣಗಿದ ಹೊರಪದರವನ್ನು ಸುಲಿದು, ನೀರು ಆವಿಯಾಗುವುದು ಕಡಮೆಯಾಗಲೆಂದು ಗರಿಗಳನ್ನು ಕತ್ತರಿಸಿ, ಆರಾರು ಅಂಗುಲದ ಕಡ್ಡಿಗಳನ್ನಾಗಿ ಮಾಡಿ, ಒಂದು ಅಂಗುಲ ನೀರಿನಲ್ಲಿ ಕಿಟಕಿಯ ಬಳಿ ನಿಲ್ಲಿಸಿದೆವು. ಆಸೆಯೆಂಬುದು ಬಿಡದು, ಏಳನ್ನೂ ಇಟ್ಟೆವು. ಮೂರನೆಯ ದಿನ ಏಳರ ನಡುವಿನಿಂದಲೂ ಅರ್ಧ ಅಂಗುಲ ಹಸಿರು ಎದ್ದುದನ್ನು ಕಂಡು ಹಿಗ್ಗಿದೆವು. ಅದು ಮೋಸದ ಹಸಿರು. ಸುರುಳಿಯೊಳಗೆ ಮೊದಲೇ ಇದ್ದ ಎಳೆಯ ಎಲೆಯು ನೀರು ಹೀರಿ ಚಾಚಿಕೊಂಡಿದ್ದಿತು, ಅಷ್ಟೆ. ಇಪ್ಪತ್ತನೆಯ ದಿನಕ್ಕೆ ಆ ನಾಲ್ಕೂ ಕಂದಾದುವು. ಗಟ್ಟಿ ತಳದ ಮೂರರಲ್ಲಿಯಾದರೋ ಒಂಬತ್ತನೆಯ ದಿನ ಅಕ್ಕಿಯ ಮೊನೆಯಂತಹ ಬಿಳಿಯ ಚುಕ್ಕೆಗಳು ಕಂಡುವು. ಬೇರು ಕಾಣದೆ ಹಸಿರನ್ನು ನಂಬತಕ್ಕದ್ದಲ್ಲ.

ಹನ್ನೆರಡನೆಯ ದಿನ, ಬೇರು ಅರ್ಧ ಅಂಗುಲವಿರುವಾಗಲೇ, ಆತುರ ತಡೆಯದೆ ಒಂದನ್ನು ಕುಂಡಕ್ಕೆ ನೆಟ್ಟೆವು. ನೀರಿನಲ್ಲಿ ಹುಟ್ಟಿದ ಬೇರು ಬಹು ಸುಕುಮಾರ. ಮಣ್ಣನ್ನು ಅದುಮುವಾಗಲೇ ಮುರಿದಿರಬೇಕು. ವಾರದೊಳಗೆ ಅದು ಒಣಗಿತು. ಉಳಿದವು ಎರಡೇ. ಅವನ್ನು ಮುಟ್ಟಲೂ ಅಂಜಿ, ಬೇರುಗಳು 2 ಅಂಗುಲವಾಗಿ ಕವಲೊಡೆಯುವವರೆಗೆ, ಎಂದರೆ ಇಪ್ಪತ್ತೆರಡನೆಯ ದಿನದವರೆಗೆ ಕಾದೆವು. ಕುಂಡದಲ್ಲಿ ಗುಳಿ ಮಾಡಿ, ಬೇರನ್ನು ಇಳಿಬಿಟ್ಟು, ಸಡಿಲವಾದ ಮಣ್ಣನ್ನು ಉದುರಿಸಿ, ಅದುಮದೆ ನೀರಿನಿಂದಲೇ ಕೂರಿಸಿದೆವು. ಒಂದು ವಾರ ನೆರಳು, ಅನಂತರ ಬಿಸಿಲು. ಐದು ವಾರಗಳಾದ ಮೇಲೆ ಒಂದರ ಬುಡದ ಪಕ್ಕದಲ್ಲಿ ಎರಡನೆಯ ಕುಡಿ ಮೂಡಿತು. ಸ್ವಲ್ಪ ದಿನಗಳಲ್ಲಿಯೇ ಇನ್ನೊಂದರಲ್ಲಿಯೂ. ನಾಲ್ಕು ತಿಂಗಳು ಒಂದು ಗರಿಯನ್ನೂ ಕೊಯ್ಯಲಿಲ್ಲ.

ಈರುಳ್ಳಿಯ ಬುಡವು ಒಂದೆರಡು ಋತುಗಳಲ್ಲಿ ಹೂಬಿಟ್ಟು ಮುಗಿಯುವುದು, ಸೆಲರಿಯೂ ಹಾಗೆಯೆ. ಮಜ್ಜಿಗೆಹುಲ್ಲು ಮಾತ್ರ ಮರಿಯೊಡೆಯುತ್ತ ವರ್ಷವರ್ಷವೂ ಮುಂದುವರಿಯುವುದು. ಮನೆಗಳಲ್ಲಿ ಬೆಳೆಸುವ ಜಾತಿಯು ಹೂಬಿಡುವುದು ಬಹು ಅಪರೂಪವಾದುದರಿಂದ ಅದನ್ನು ಬೀಜದಿಂದಲ್ಲದೆ ಬುಡವನ್ನು ಬಿಡಿಸಿಯೇ ಹಬ್ಬಿಸುವರು. ಆದುದರಿಂದ ನಮ್ಮ ಬಾಲ್ಕನಿಯಲ್ಲಿರುವುದು ತಾಯಿಯವರ ಗಿಡದ ಸಂತತಿಯಲ್ಲ. ಅವರು ನೆಟ್ಟ ಗಿಡವೇ.

2024ರ ಜೂನಿನಲ್ಲಿ ಕುಂಡಗಳು ಬಿರಿಯುವಷ್ಟು ತುಂಬಿದ್ದುವು. ಒಂದನ್ನು ಬೋರಲು ಹಾಕಿ, ಪೊದೆಯನ್ನು ಮೂರಾಗಿ ಬಿಡಿಸಿ, ಪ್ರತಿಯೊಂದಕ್ಕೂ ಗಟ್ಟಿ ತಳವೂ ಬೇರೂ ಬರುವಂತೆ ನೋಡಿಕೊಂಡೆವು. ಒಂದು ಪಾಲು ತಮ್ಮನ ಮನೆಗೆ ಹೋಯಿತು. ಅವನು ಅದನ್ನು ಬಚ್ಚಲ ನೀರು ಹರಿಯುವ ಕಡೆಯಲ್ಲಿಯೇ ನೆಟ್ಟಿರುವನಂತೆ. ಈಗ ಅವನು ಹುಲ್ಲನ್ನು ಕೊಯ್ಯುವಾಗ ಕುಡುಗೋಲನ್ನು ನೆಲದಿಂದ ನಾಲ್ಕು ಅಂಗುಲ ಮೇಲಕ್ಕೆ ಹಿಡಿಯುವನು. ಯಾರಾದರೂ ಗಿಡ ಬೇಕೆಂದು ಕೇಳಿದರೆ, ಕಡ್ಡಿಯನ್ನು ಕೊಡದೆ ಬುಡವನ್ನು ಅಗೆದು ಕೊಡುವನು.